ಚಿಕ್ಕಪ್ಪನ ಬಿಪಿ ಮೆಷಿನ್ ಫೋಟೋ ನೋಡಿದೆ

“ಇವರ ಬಿಪಿ ಈಗ ತಾನೇ ನೋಡಿದ್ವಿ, ಫೋಟೋ ಹಾಕಿದ್ದೀನಿ. ಮೂರು ನಂಬರ್ ಇದೆ, ಯಾವುದು ಏನು? ಜಾಸ್ತಿ ಆಗಿದೆಯಾ?”

ಚಿಕ್ಕಮ್ಮ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ಮೇಲೆ SYS ಮುಂದೆ 152 ಇದೆಯಲ್ವಾ, ಅದು ಹೃದಯ ಹಿಂಡಿಕೊಂಡು ರಕ್ತ ದೂಡುವಾಗಿನ ಒತ್ತಡ. DIA 84 ಅನ್ನೋದು ಎರಡು ಬಡಿತಗಳ ನಡುವೆ ಹೃದಯ ಸಡಿಲ ಬಿಟ್ಟಾಗಿನದು. ಕೆಳಗಿನ PUL 96 ಬಿಪಿ ಅಲ್ಲವೇ ಅಲ್ಲ, ನಿಮಿಷಕ್ಕೆ ಎಷ್ಟು ಬಡಿತ ಅಂತ.

120ಕ್ಕೂ 80ಕ್ಕೂ ಕೆಳಗಿದ್ದರೆ ನಾರ್ಮಲ್. ಕೆಳಗಿನದು 80 ಮುಟ್ಟದೆ ಮೇಲಿನದು ಮಾತ್ರ 120ರಿಂದ 129 ಇದ್ದರೆ ಸ್ವಲ್ಪ ಏರಿದೆ ಅಂತ. ಮೇಲಿನದು 130–139 ಅಥವಾ ಕೆಳಗಿನದು 80–89 ಆದರೆ ಹೈ ಬಿಪಿಯ ಮೊದಲ ಹಂತ, 140 ಅಥವಾ 90 ಮುಟ್ಟಿದರೆ ಎರಡನೇ ಹಂತ. ಎರಡು ನಂಬರ್ ಬೇರೆ ಬೇರೆ ಹಂತಕ್ಕೆ ಬಿದ್ದರೆ ದೊಡ್ಡ ಹಂತವೇ ಲೆಕ್ಕ. ಹಾಗಾಗಿ 84 ಮೊದಲ ಹಂತದಲ್ಲಿದ್ದರೂ 152 ನೋಡಿದರೆ ಇದು ಎರಡನೇ ಹಂತದ ರೀಡಿಂಗ್.

ಆದರೆ ನಾನು ಇದನ್ನು ನಂಬಲ್ಲ. ಫೋಟೋ ಮೂಲೆಯಲ್ಲಿ ನೋಡಿ, ಪಟ್ಟಿಯನ್ನು ಶರ್ಟಿನ ತೋಳಿನ ಮೇಲೇ ಸುತ್ತಿದ್ದಾರೆ. ಕೈ ಸುಮ್ನೆ ತೊಡೆ ಮೇಲೆ ಇಳಿಬಿಟ್ಟಿದ್ದಾರೆ. ಕೈ ಎದೆ ಮಟ್ಟಕ್ಕಿಂತ ಕೆಳಗಿದ್ದರೆ ನಂಬರ್ ಏರುತ್ತದೆ. ಪಲ್ಸ್ 96 ನೋಡಿದರೆ ಈಗ ತಾನೇ ಓಡಾಡಿ ಬಂದು ಕೂತ ಹಾಗಿದೆ.

ಬರಿ ತೋಳಿಗೆ ಪಟ್ಟಿ ಕಟ್ಟಿ, ಬೆನ್ನಿಗೆ ಆಸರೆ ಕೊಟ್ಟು, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಕೂರಲಿ. ಕಾಲ ಮೇಲೆ ಕಾಲು ಬೇಡ, ಮಾತು ಬೇಡ (ಚಿಕ್ಕಪ್ಪನಿಗೆ ಅದೇ ಕಷ್ಟ). ಆಮೇಲೆ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆದಿಡಿ. ಕಡಿಮೆ ಬಂದದ್ದನ್ನು ಮಾತ್ರ ಆರಿಸಿಕೊಳ್ಳಬೇಡಿ.

ನಾಳೆಯಿಂದ ಏಳು ದಿನ ಬೆಳಿಗ್ಗೆ ಎರಡು, ಸಂಜೆ ಎರಡು. ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮುಂಚೆ. ಮೊದಲ ದಿನದ್ದು ಬಿಟ್ಟು ಉಳಿದ 24 ರೀಡಿಂಗ್‌ಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ 135/85. ಉದಾಹರಣೆಗೆ 138/83 ಬಂತು ಅನ್ನಿ, ಮೇಲಿನದು ಗೆರೆ ದಾಟಿದೆ, ಆ ಚೀಟಿ ಡಾಕ್ಟರಿಗೆ ತೋರಿಸಿ. ಈ ಒಂದು 152 ನೋಡಿ ಮಾತ್ರೆ ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಯಾವತ್ತಾದರೂ ಮೇಲಿನದು 180 ಅಥವಾ ಕೆಳಗಿನದು 120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೆ ನೋಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಈಗ ಶರ್ಟ್ ತೋಳು ತೆಗೆಸಿ ಕೂರಿಸಿ. ಎರಡೂ ರೀಡಿಂಗ್‌ನ ಫೋಟೋ ಹಾಕಿ, ಕಾಯ್ತಾ ಇರ್ತೀನಿ.