ಸಹಾಯ ಬೇಕು: ಸಬ್‌ಸ್ಕ್ರಿಪ್ಷನ್ ಡಿಸ್ಕೌಂಟ್ ಯಾವುದರಿಂದ ಕಳೆಯುವುದು?

ನಮಸ್ಕಾರ, ಕಾಸರಗೋಡಿನ ವಾಟರ್ ಪ್ಯೂರಿಫೈಯರ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೇನೆ, ಇಂಡ್ ಎಎಸ್ 115 ನಮಗೆ ಲಾಗು ಉಂಟು. ಒಂದು ವರ್ಷದ ಪ್ಲಾನ್, ತಿಂಗಳಿಗೆ 1,125ರಂತೆ ಒಟ್ಟು 13,500 (ಜಿಎಸ್‌ಟಿ ಬಿಟ್ಟು), ನಡುವೆ ಬಿಡ್ಲಿಕ್ಕಿಲ್ಲ, ಮೆಷಿನ್ ಫಿಟ್ ಮಾಡಿದ ದಿನವೇ ಗಿರಾಕಿಯದ್ದು. ಬಿಡಿಯಾಗಿ ಮಾರುವಾಗ ಮೆಷಿನ್ 9,000, ವರ್ಷದ ಸರ್ವಿಸ್ 4,000, ಆರು ತಿಂಗಳಿಗೆ ಹಾಕುವ ಫಿಲ್ಟರ್ ಸೆಟ್ 2,000, ಒಟ್ಟು 15,000, ಅಂದ್ರೆ ಡಿಸ್ಕೌಂಟ್ 1,500.

ಬಿಡಿ ಬೆಲೆಯ ಅನುಪಾತದಲ್ಲಿ ಹಂಚಿ ನೋಡಿದೆ, ಮೂರಕ್ಕೂ ಶೇ. 10 ಕಡಿಮೆಯಾಗಿ 8,100, 3,600, 1,800 ಬಂತು. ಮೆಷಿನ್ದು ಫಿಟ್ ಮಾಡಿದಾಗ, ಸರ್ವಿಸ್ದು ತಿಂಗಳು ತಿಂಗಳು, ಫಿಲ್ಟರ್ದು ಹಾಕಿದಾಗ ಆದಾಯ ಅಂತ ತೋರಿಸುವುದು, ಅಲ್ಲಿವರೆಗೆ ಗೊಂದಲ ಇಲ್ಲ.

ಆದ್ರೆ ಹಳೇ ಗಿರಾಕಿಗಳಿಗೆ ಸರ್ವಿಸ್, ಫಿಲ್ಟರ್ ಎರಡೂ ಸೇರಿಸಿ 4,500ಕ್ಕೆ ಯಾವಾಗ್ಲೂ ಕೊಡ್ತೇವೆ, ಅಲ್ಲಿಯೂ ಡಿಸ್ಕೌಂಟ್ ಸರಿಯಾಗಿ 1,500, ಮೆಷಿನ್ ಮಾತ್ರ 9,000ಕ್ಕಿಂತ ಕಡಿಮೆಗೆ ಎಂದೂ ಕೊಡುವುದಿಲ್ಲ. ಪ್ಯಾರಾ 82 ಓದಿದ್ರೆ ಇಂಥಾ ಡಿಸ್ಕೌಂಟ್ ಆ ಎರಡಕ್ಕೇ ಸೇರ್ಬೇಕು ಅಂತ ಕಾಣ್ತದೆ, ಹಾಗಾದ್ರೆ 9,000, 3,000, 1,500. ಆಡಿಟರ್ ಅನುಪಾತವೇ ಸಾಕು ಅಂತಾರೆ, ಆದ್ರೆ ಮಾರ್ಚ್‌ನಲ್ಲಿ ಫಿಟ್ ಮಾಡಿದ ಪ್ರತಿ ಮೆಷಿನ್‌ಗೆ ಈ ವರ್ಷದ ಆದಾಯದಲ್ಲಿ ಹತ್ತಿರ ಹತ್ತಿರ 900 ವ್ಯತ್ಯಾಸ ಬರ್ತದಲ್ವಾ.

ಗೊತ್ತಿದ್ದವರು ಹೇಳಿ: ನಮ್ಮ ಕೇಸಲ್ಲಿ ಪ್ಯಾರಾ 82 ಕಡ್ಡಾಯವಾ, ಮತ್ತೆ ಅದಕ್ಕೆ ಪುರಾವೆಯಾಗಿ ಹಳೇ ಗಿರಾಕಿಗಳ ಇನ್‌ವಾಯ್ಸ್ ಇಟ್ರೆ ಸಾಕಾ?