ಇಜ್ತಿಹಾದ್‌ನ ಬಾಗಿಲು ಮುಚ್ಚಿತ್ತಾ? ಮೇಡಂ ಜೊತೆ ಪ್ರಶ್ನೋತ್ತರ

ಗಿರೀಶ್: ಮೇಡಂ, 10ನೇ ಶತಮಾನದಲ್ಲಿ ಉಲೇಮಾಗಳು ಸೇರಿ ಇಜ್ತಿಹಾದ್‌ನ ಬಾಗಿಲು ಮುಚ್ಚಿದರು ಅಂತ ಓದಿದ್ದೇನೆ. ಇಜ್ತಿಹಾದ್ ಅಂದರೆ ಶರಿಯತ್ ಪ್ರಶ್ನೆಗೆ ಸ್ವಂತವಾಗಿ ಯೋಚಿಸಿ ತೀರ್ಪು ಕೊಡುವುದು ತಾನೇ? ಆಮೇಲೆ ಯಾರೂ ಹಾಗೆ ಮಾಡಲೇ ಇಲ್ಲವಂತೆ. ನಿಜವಾ?

ಮೇಡಂ: ಅಂಥ ಸಭೆ ನಡೆದೇ ಇಲ್ಲ. ಸುನ್ನಿಗಳಲ್ಲಿ ಎಲ್ಲರ ಪರವಾಗಿ ಬಾಗಿಲು ಹಾಕುವ ಅಧಿಕಾರ ಯಾವ ಪೀಠಕ್ಕೂ ಇರಲಿಲ್ಲ. ನೀವು ಓದಿದ್ದರ ಹಿಂದೆ ಇರುವುದು ಹೆಚ್ಚಾಗಿ ಇಸ್ಲಾಮಿಕ್ ಕಾನೂನಿನ ಇತಿಹಾಸ ಬರೆದ ಜೋಸೆಫ್ ಶಾಖ್ಟ್. ಸುಮಾರು ಕ್ರಿ.ಶ. 900ರ ಹೊತ್ತಿಗೆ ಮುಖ್ಯ ಪ್ರಶ್ನೆಗಳೆಲ್ಲ ಇತ್ಯರ್ಥವಾದವು ಎಂಬ ಭಾವನೆ ವಿದ್ವಾಂಸರಲ್ಲಿ ಬೆಳೆಯಿತು ಅಂತ 1964ರಲ್ಲಿ ಅವರು ಬರೆದರು. ಗಮನಿಸಿ, ಅವರೂ ಭಾವನೆ ಅಂದರು, ಆದೇಶ ಅನ್ನಲಿಲ್ಲ. 1984ರಲ್ಲಿ ಅದೇ ವಿಷಯದ ಇನ್ನೊಬ್ಬ ವಿದ್ವಾಂಸ ವಾಯಿಲ್ ಹಲ್ಲಾಖ್ ಆ ಕಾಲದ ಗ್ರಂಥಗಳನ್ನೇ ತೆಗೆದು ನೋಡಿದರು. 'ಬಾಗಿಲು ಮುಚ್ಚಿದೆ' ಎಂಬ ಮಾತೇ 11ನೇ ಶತಮಾನದ ಕೊನೆಯವರೆಗೆ ಅವರಿಗೆ ಸಿಗಲಿಲ್ಲ. ಆ ಮಾತು ಹುಟ್ಟಿದ ಮೇಲೂ ಎಲ್ಲರೂ ಒಪ್ಪಲಿಲ್ಲ. ಮುಜ್ತಹಿದ್, ಅಂದರೆ ಇಜ್ತಿಹಾದ್ ಮಾಡಬಲ್ಲ ಪಂಡಿತ, ಇಲ್ಲದ ಕಾಲವೇ ಇರಬಾರದು ಅಂತ ಹಂಬಲಿ ಪಂಡಿತರು ಜಗಳಕ್ಕೇ ನಿಂತರು.

ಸಲೀಂ: ಈ ಫಾರ್ವರ್ಡ್ ನೋಡಿ ಮೇಡಂ. '1258ರಲ್ಲಿ ಹುಲಗು ಬಾಗ್ದಾದ್ ಸುಟ್ಟ, ಹೆದರಿದ ಖಲೀಫ ಇಜ್ತಿಹಾದ್ ನಿಷೇಧಿಸಿದ. ಹತ್ತು ಜನಕ್ಕೆ ಕಳಿಸಿ.' ಸರೀನಾ?

ಮೇಡಂ: 1258ರಲ್ಲಿ ಆ ಖಲೀಫನನ್ನೇ ಮಂಗೋಲರು ಕೊಂದರು. ಯಾವಾಗ ನಿಷೇಧಿಸಿದ? ಒಬ್ಬರಿಗೂ ಕಳಿಸಬೇಡಿ.

ವೆಂಕಟೇಶ್: ಅಡ್ಮಿನ್, ಜಿಹಾದ್ ಚರ್ಚೆ ಈ ಗ್ರೂಪಿನಲ್ಲಿ ಬೇಡ ಅಂತ ಮೊದಲೇ ಹೇಳಿದ್ದೆ.

ಗಿರೀಶ್: ವೆಂಕಟೇಶಣ್ಣ, ಇಜ್ತಿಹಾದ್. ಕನ್ನಡಕ ಹಾಕ್ಕೊಳ್ಳಿ.

ಮುಸ್ತಫಾ: ನಾನು ವಕೀಲ. ಹಿಂದಿನವರ ಅಭಿಪ್ರಾಯದಂತೆ ನಡೆಯುವುದು ನನ್ನ ಲೆಕ್ಕದಲ್ಲಿ ಪೂರ್ವನಿರ್ಣಯ ಪಾಲಿಸಿದ ಹಾಗೆ, ಅಷ್ಟೇ. ಸುಪ್ರೀಂ ಕೋರ್ಟ್ ಹೇಳಿದ್ದನ್ನು ಕೆಳಗಿನ ಕೋರ್ಟು ಪಾಲಿಸುತ್ತದೆ. ಅದನ್ನು ಯಾರಾದರೂ ಬುದ್ಧಿಯ ಬಾಗಿಲು ಮುಚ್ಚಿತು ಅಂತಾರಾ?

ಮೇಡಂ: ಅರ್ಧ ಸರಿ. ಖಾಜಿ ತನ್ನ ಮದ್‌ಹಬ್‌ನ ಅಂದರೆ ಹನಫಿ, ಶಾಫಿ, ಹಂಬಲಿಯಂಥ ಕಾನೂನು ಪಂಥದ ಸ್ಥಿರ ಅಭಿಪ್ರಾಯದಂತೆ ನಡೆದರೆ ತೀರ್ಪು ಹೇಗೆ ಬರುತ್ತದೆ ಅಂತ ಜನರಿಗೆ ಮೊದಲೇ ಗೊತ್ತಿರುತ್ತದೆ. ಹೀಗೆ ಪಂಥದ ಮಾತು ಅನುಸರಿಸುವ ತಖ್ಲೀದ್‌ನಿಂದ ಆ ಲಾಭ ನಿಜವಾಗಿ ಇತ್ತು. ಆದರೆ ಅಲ್ಲಿ ಸುಪ್ರೀಂ ಕೋರ್ಟ್ ಇರಲಿಲ್ಲ. ಖಾಜಿಯ ತೀರ್ಪು ಆ ಮೊಕದ್ದಮೆಗೆ ಮಾತ್ರ. ನಿಯಮ ಬೆಳೆದದ್ದು ಮುಫ್ತಿಗಳ ಫತ್ವಾಗಳಲ್ಲಿ, ಪಠ್ಯಗಳ ವ್ಯಾಖ್ಯಾನಗಳಲ್ಲಿ.

ಫರ್ಜಾನಾ: ನನ್ನ ವಿಷಯ ಕೇಳಬಹುದಾ ಮೇಡಂ? ನಾವು ಹನಫಿ. ಯಜಮಾನರು ತೀರಿಕೊಂಡು ಎರಡು ವರ್ಷ ಆಯಿತು. ಮಗನಿಗೆ 9 ವರ್ಷ. ಮಾವನ ಹೆಸರಲ್ಲಿ ಮನೆ ಇದೆ, ಸುಮಾರು 30 ಲಕ್ಷ ಬಾಳುತ್ತದೆ. ನಿನ್ನ ಮಗನಿಗೆ ಇದರಲ್ಲಿ ಏನೂ ಬರಲ್ಲ ಅಂತ ಮೈದುನ ಹೇಳುತ್ತಾರೆ. ಬಾಗಿಲು ಮುಚ್ಚಿ ಸಾವಿರ ವರ್ಷ ಆಯಿತು, ಬದಲಾಯಿಸೋಕೆ ಆಗಲ್ಲ ಅಂತ ಮೌಲ್ವಿ ಸಾಹೇಬರೂ ಅಂದರು.

ಮೇಡಂ: ಫರ್ಜಾನಾ, ನಿಮ್ಮ ಮಾವ ಬದುಕಿದ್ದಾರಾ? ಅತ್ತೆ? ನಾದಿನಿಯರು ಇದ್ದಾರಾ? ಮೊದಲು ಅದನ್ನು ಹೇಳಿ.

ಫರ್ಜಾನಾ: ಮಾವ ಇದ್ದಾರೆ, 84 ವರ್ಷ. ಅತ್ತೆ ಇಲ್ಲ. ನಾದಿನಿಯರೂ ಇಲ್ಲ. ಮೈದುನ ಒಬ್ಬರೇ.

ಸಲೀಂ: ಶಿಯಾಗಳು ಬಾಗಿಲು ಮುಚ್ಚಲೇ ಇಲ್ಲವಂತಲ್ಲ ಮೇಡಂ?

ಮೇಡಂ: ಹಿಂದೆ ಶಿಯಾ ಪಂಡಿತರು ಇಜ್ತಿಹಾದ್ ಎಂಬ ಪದವನ್ನೇ ಬೇಡ ಅಂದಿದ್ದರು. ಅದನ್ನು ಒಳಗೆ ಬಿಟ್ಟುಕೊಂಡದ್ದು 13ನೇ ಶತಮಾನದ ಅಲ್-ಹಿಲ್ಲಿ. ಈಗ ಫರ್ಜಾನಾಗೆ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ತಡೆಯಿರಿ.

ಮೈದುನ ಹೇಳಿದ ನಿಯಮ ಹಳೆಯ ಗ್ರಂಥಗಳಲ್ಲಿ ಇದೆ. ಹತ್ತಿರದ ಗಂಡು ವಾರಸುದಾರ ದೂರದವನನ್ನು ಹೊರಗಿಡುತ್ತಾನೆ. ಮಗ ಬದುಕಿದ್ದರೆ, ತೀರಿಹೋದ ಇನ್ನೊಬ್ಬ ಮಗನ ಮಗನಿಗೆ ಪಾಲಿಲ್ಲ. ಇವತ್ತಿಗೂ ಭಾರತದಲ್ಲಿ ಹನಫಿಗಳಿಗೆ ಇದೇ ನಡೆಯುತ್ತದೆ. ಮಾವ ಏನೂ ಬರೆದಿಡದೆ ಹೋದರೆ 30 ಲಕ್ಷವೂ ಮೈದುನನಿಗೆ.

ಆದರೆ ಬದಲಾಯಿಸೋಕೆ ಆಗಲ್ಲ ಅನ್ನುವುದು ತಪ್ಪು. ಈಜಿಪ್ಟಿನವರು 1946ರಲ್ಲಿ ಬದಲಾಯಿಸಿದರು. ಹೇಗೆ ಅನ್ನುವುದೇ ಸ್ವಾರಸ್ಯ. ತಂದೆತಾಯಿಗೂ ಹತ್ತಿರದ ನೆಂಟರಿಗೂ ವಸಿಯತ್, ಅಂದರೆ ಉಯಿಲು, ಮಾಡಿ ಅಂತ ಕುರಾನಿನಲ್ಲಿ ಒಂದು ವಚನ ಇದೆ. ಆಸ್ತಿ ಹಂಚಿಕೆಯ ವಚನಗಳು ಬಂದ ಮೇಲೆ ಅದು ರದ್ದಾಯಿತು ಅಂತ ಹೆಚ್ಚಿನವರ ಮತ. ಇಲ್ಲ, ಪಾಲು ಸಿಗದ ನೆಂಟರ ಮಟ್ಟಿಗೆ ಅದು ಇನ್ನೂ ಕಡ್ಡಾಯ ಅಂದವರು ಸ್ಪೇನಿನ ಇಬ್ನ್ ಹಜ್ಮ್. ಅವರು ತೀರಿಕೊಂಡದ್ದು 1064ರಲ್ಲಿ. ಸುಮಾರು 880 ವರ್ಷ ಆದ ಮೇಲೆ ಕೈರೋದವರು ಅದನ್ನು ಹುಡುಕಿ ತೆಗೆದರು. ಅಜ್ಜ ಬರೆಯದಿದ್ದರೂ ಬರೆದ ಹಾಗೆಯೇ ಅಂತ ಕಾನೂನು ಮಾಡಿದರು. ಅಪ್ಪನಿಗೆ ಬರುತ್ತಿದ್ದ ಪಾಲು ಮೊಮ್ಮಗನಿಗೆ, ಆದರೆ ಒಟ್ಟು ಆಸ್ತಿಯ ಮೂರನೇ ಒಂದು ಭಾಗ ಮೀರುವಂತಿಲ್ಲ. ಇಬ್ನ್ ಹಜ್ಮ್ ಈ ಲೆಕ್ಕ ಹೇಳಿರಲಿಲ್ಲ. ಲೆಕ್ಕ ಪೂರ್ತಿ 1946ರವರದು, ಹೆಸರು ಮಾತ್ರ ಹಳೆಯದು. ಪಾಕಿಸ್ತಾನ 1961ರಲ್ಲಿ ಇನ್ನೂ ಮುಂದೆ ಹೋಗಿ ಮೊಮ್ಮಗನನ್ನು ಅಪ್ಪನ ಜಾಗದಲ್ಲೇ ಕೂರಿಸಿತು. ನಿಮ್ಮ ಮನೆಯ ಲೆಕ್ಕ ಹಾಕಿದರೆ ಇಲ್ಲಿ ಸೊನ್ನೆ, ಈಜಿಪ್ಟಿನಲ್ಲಿ 10 ಲಕ್ಷ, ಪಾಕಿಸ್ತಾನದಲ್ಲಿ 15 ಲಕ್ಷ.

ಮುಸ್ತಫಾ: ಪಾಕಿಸ್ತಾನದ್ದು ಇಜ್ತಿಹಾದ್ ಅಲ್ಲ ಮೇಡಂ. ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. ಅಲ್ಲಿನ ಶರಿಯತ್ ಕೋರ್ಟೇ 2000ರಲ್ಲಿ ಅದು ಸರಿಯಲ್ಲ ಅಂತು.

ಗಿರೀಶ್: ಅಂದರೆ ಬಾಗಿಲು ಮುಚ್ಚಿತ್ತು ಅಂತ ನೀವೇ ಒಪ್ಪಿದ ಹಾಗಾಯಿತು! 880 ವರ್ಷ ಒಬ್ಬರೂ ಆ ಅಭಿಪ್ರಾಯ ಮುಟ್ಟಲಿಲ್ಲ ಅಲ್ವಾ?

ಮುಸ್ತಫಾ: ಮುಟ್ಟಲಿಲ್ಲ ಅಂದರೆ ಯೋಚಿಸಲಿಲ್ಲ ಅಂತಾನಾ? ಯೋಚಿಸಿ ಬೇಡ ಅಂದಿರಬಹುದು. ನಿಮಗೆ ಬೇಕಾದ ಉತ್ತರ ಬಂದರೆ ಮಾತ್ರ ಅದು ಯೋಚನೆ. ಇದೆಲ್ಲ ಬ್ರಿಟಿಷರು ಕಲಿಸಿಕೊಟ್ಟ ಪಾಠ.

ಗಿರೀಶ್: ಎಲ್ಲದಕ್ಕೂ ಬ್ರಿಟಿಷರು. ಇಕ್ಬಾಲ್ ಕೂಡ ಬಾಗಿಲು ಮುಚ್ಚಿದ್ದರ ಬಗ್ಗೆ ದೂರಿದ್ದರು. ಅವರೂ ಬ್ರಿಟಿಷರಾ?

ಮುಸ್ತಫಾ: ಇಕ್ಬಾಲ್ ಹೆಸರು ಹೇಳಿದವರೆಲ್ಲ ಇಕ್ಬಾಲ್ ಓದಿರುವುದಿಲ್ಲ.

ಗಿರೀಶ್: ವಕೀಲರಿಗೆ ಫೀಸು ಕೊಟ್ಟರೆ ಆ ಕಡೆನೂ ವಾದಿಸ್ತಾರೆ ಬಿಡಿ.

ರುಕ್ಸಾನಾ: ಹೆಂಗಸರು ಮುಜ್ತಹಿದ್ ಆಗಬಹುದಾ ಮೇಡಂ? ಎರಡನೇ ಸಲ ಕೇಳುತ್ತಿದ್ದೇನೆ.

ಮೇಡಂ: ಇಬ್ಬರೂ ಸಾಕು ಮಾಡಿ. ನೀವು ಒಂದೇ ಪದ ಇಟ್ಟುಕೊಂಡು ಎರಡು ಬೇರೆ ವಿಷಯಕ್ಕೆ ಜಗಳ ಆಡುತ್ತಿದ್ದೀರಿ. ಹೊಸ ಮದ್‌ಹಬ್ ಕಟ್ಟುವವನೂ ಮುಜ್ತಹಿದ್, ಮದ್‌ಹಬ್‌ನ ಒಳಗಿದ್ದು ಹೊಸ ಪ್ರಶ್ನೆಗೆ ಉತ್ತರ ಹುಡುಕುವವನೂ ಮುಜ್ತಹಿದ್. ಮೊದಲನೆಯವರು ನಿಜಕ್ಕೂ ಅಪರೂಪವಾದರು. ಎರಡನೆಯವರು ಯಾವ ಶತಮಾನದಲ್ಲೂ ಇದ್ದರು. 15ನೇ ಶತಮಾನದ ಕೊನೆಗೆ ಕೈರೋದಲ್ಲಿ ಸುಯೂತಿ, ನಾನು ಶಾಫಿ ದಾರಿಯವನೇ, ಆದರೂ ಪೂರ್ಣ ಮುಜ್ತಹಿದ್ ಅಂದರು. ಊರೇ ಮೈಮೇಲೆ ಬಿತ್ತು. ಬಾಗಿಲು ತೆರೆದೇ ಇತ್ತು ಅನ್ನುವವರೂ ಇದನ್ನೇ ತೋರಿಸುತ್ತಾರೆ, ಮುಚ್ಚಿತ್ತು ಅನ್ನುವವರೂ ಇದನ್ನೇ. ಗಿರೀಶ್, 880 ವರ್ಷದ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಹಲ್ಲಾಖ್ ಓದಿಯೂ ಅದು ನನಗೆ ಪೂರ್ತಿ ಬಗೆಹರಿದಿಲ್ಲ.

ಸಲೀಂ: ಇನ್ನೊಂದು ಫಾರ್ವರ್ಡ್ ಬಂದಿದೆ. 'ಮೊಮ್ಮಕ್ಕಳಿಗೆ ಪಾಲು ಬೇಕಾದರೆ ಬಿಳಿ ಹಾಳೆಯಲ್ಲಿ ಇಡೀ ಮನೆ ಬರೆಸಿಕೊಂಡರೆ ಸಾಕು'...

ಮೇಡಂ: ಸಲೀಂ, ಆ ಹಾಳೆ ನಂಬಿಕೊಂಡು ನಾಳೆ ಒಂದು ಮಗು ಬೀದಿಗೆ ಬೀಳುತ್ತದೆ. ದಯವಿಟ್ಟು ಅಳಿಸಿ. ಇಡೀ ಮನೆ ವಸಿಯತ್ ಮಾಡಿದರೆ ಮೂರನೇ ಒಂದು ಭಾಗ ಮೀರಿದ್ದಕ್ಕೆ ವಾರಸುದಾರನ ಒಪ್ಪಿಗೆ ಬೇಕು.

ಫರ್ಜಾನಾ, ಮಾವ ಬದುಕಿರುವಾಗಲೇ ದಾರಿ ಇರುವುದು. ನಿಮ್ಮ ಮಗ ವಾರಸುದಾರ ಅಲ್ಲ, ಆದ್ದರಿಂದಲೇ ಅವನಿಗೆ ಮೂರನೇ ಒಂದು ಭಾಗದವರೆಗೆ ವಸಿಯತ್ ಮಾಡಬಹುದು. ಅದಕ್ಕಿಂತ ಜಾಸ್ತಿ ಕೊಡುವ ಮನಸ್ಸಿದ್ದರೆ ಹಿಬಾ, ಅಂದರೆ ಬದುಕಿರುವಾಗಲೇ ದಾನ, ಮಾಡಲಿ. ಆದರೆ ಹಿಬಾದಲ್ಲಿ ಸ್ವಾಧೀನವನ್ನೂ ಈಗಲೇ ಬಿಟ್ಟುಕೊಡಬೇಕು, ಕಾಗದ ಮಾತ್ರ ಸಾಲದು. ಸಾವಿನ ಕಾಯಿಲೆಯಲ್ಲಿ ಮಲಗಿದ ಮೇಲೆ ಮಾಡಿದರೆ ಅದಕ್ಕೂ ಮೂರನೇ ಒಂದರ ಮಿತಿಯೇ. ಊರಿನ ವಕೀಲರ ಹತ್ತಿರ ಬರೆಸಿ, ನೋಂದಣಿ ಮಾಡಿಸಿ.

ಫರ್ಜಾನಾ: ಮಾವನಿಗೆ ಮನಸ್ಸಿದೆ ಮೇಡಂ. ಮೈದುನ ಸಹಿ ಹಾಕಲ್ಲ ಅಂತಿದ್ದಾರೆ.

ಮೇಡಂ: ಮೂರನೇ ಒಂದರ ಒಳಗಾದರೆ ಅವರ ಸಹಿ ಬೇಕಾಗಿಯೇ ಇಲ್ಲ. ಈ ವಾರವೇ ಹೋಗಿ.

ವೆಂಕಟೇಶ್: ಅಡ್ಮಿನ್ ಇದ್ದಾರಾ?