ಆರು ತಿಂಗಳಲ್ಲಿ ಹತ್ತು ಸಾವಿರ ಫಾಲೋವರ್ಸ್ ಬೇಕೆನ್ನುವ ಮಾಲಕರಿಗೆ ಏನೆಂದು ಬರೆದುಕೊಡುವುದು?

ಪ್ರಶ್ನೆ, ಉಡುಪಿಯಿಂದ

ನಾನು ಉಡುಪಿಯ ಒಂದು ಜವಳಿ ಅಂಗಡಿಯ ಇನ್‌ಸ್ಟಾಗ್ರಾಂ ಪೇಜನ್ನು ಕೆಲವು ತಿಂಗಳಿನಿಂದ ನೋಡಿಕೊಳ್ಳುತ್ತಿದ್ದೇನೆ. ಈಗ 1,900 ಫಾಲೋವರ್ಸ್ ಇದ್ದಾರೆ. ಕಳೆದ ತಿಂಗಳು ಸುಮಾರು 800 ಪ್ರೊಫೈಲ್ ಭೇಟಿಗಳಾಗಿವೆ, 96 ಮಂದಿ ಹೊಸದಾಗಿ ಸೇರಿದ್ದಾರೆ, 36 ಮಂದಿ ಬಿಟ್ಟು ಹೋಗಿದ್ದಾರೆ. ಆರು ತಿಂಗಳಲ್ಲಿ ಹತ್ತು ಸಾವಿರ ಆಗಬೇಕು, ಅದನ್ನು ಕರಾರಿನಲ್ಲಿಯೇ ಬರೆದುಕೊಡಿ ಎಂದು ಮಾಲಕರು ಕೇಳುತ್ತಿದ್ದಾರೆ. ನಾನು ತಿಂಗಳಿಗೊಮ್ಮೆ ಕಳುಹಿಸುವ ಎಂಟು ಪುಟಗಳ ವರದಿಯನ್ನು ಅವರು ತೆರೆದು ನೋಡುವುದಿಲ್ಲ. ಈ ಕೆಲಸ ಮಾಡಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಕುಂದಾಪುರದಿಂದ

ಅಕ್ಕ, ಹತ್ತು ಸಾವಿರ ಅಸಾಧ್ಯವೇನೂ ಅಲ್ಲ. ಫೋಟೋಗಳನ್ನು ಕಡಿಮೆ ಮಾಡಿ, ದಿನಕ್ಕೊಂದು ರೀಲ್ ಹಾಕಿ. ಹೊಸಬರಿಗೆ ಪೇಜ್ ಕಾಣಿಸಿಕೊಳ್ಳುವುದು ಹೆಚ್ಚಾಗಿ ರೀಲ್‌ಗಳಿಂದಲೇ. ಜೊತೆಗೆ ಒಂದು ಸೀರೆಯನ್ನು ಬಹುಮಾನವಾಗಿಟ್ಟು, ಪೇಜನ್ನು ಫಾಲೋ ಮಾಡಿ ಮೂವರು ಗೆಳತಿಯರನ್ನು ಟ್ಯಾಗ್ ಮಾಡಿದವರಲ್ಲಿ ಒಬ್ಬರಿಗೆ ಕೊಡುತ್ತೇವೆಂದು ಪ್ರಕಟಿಸಿ. ನಾನು ನೋಡಿಕೊಳ್ಳುವ ಬೇಕರಿಯ ಪೇಜ್‌ಗೆ ಇಂಥ ಒಂದೇ ಸ್ಪರ್ಧೆಯಿಂದ ಒಂದು ವಾರದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಂದಿ ಸೇರಿದರು. ಮಾಲಕರು ಬಹಳ ಸಂತೋಷಪಟ್ಟರು.

ಮಂಗಳೂರು ಕದ್ರಿಯಿಂದ

ರೀಲ್‌ಗಳ ವಿಷಯದಲ್ಲಿ ಕುಂದಾಪುರದವರು ಹೇಳಿದ್ದು ಸರಿ. ಆದರೆ ಬಹುಮಾನದ ವಿಷಯದಲ್ಲಿ ಒಂದು ವಾರದ ಲೆಕ್ಕ ಸಾಲದು. ಫಲಿತಾಂಶ ಪ್ರಕಟಿಸಿದ ಮೇಲಿನ ಮೂರು ನಾಲ್ಕು ವಾರಗಳಲ್ಲಿ ಎಷ್ಟು ಮಂದಿ ಬಿಟ್ಟು ಹೋದರು ಎಂಬುದನ್ನು ಇನ್‌ಸೈಟ್ಸ್‌ನಲ್ಲಿ ನೋಡಿ. ಸೀರೆಗಾಗಿ ಬಂದವರು ಸೀರೆ ಸಿಗಲಿಲ್ಲವೆಂದು ತಿಳಿದ ಕೂಡಲೇ ಹೊರಡುತ್ತಾರೆ, ಉಳಿದವರಲ್ಲಿಯೂ ಬಹುಪಾಲು ಮಂದಿ ಮುಂದಿನ ಪೋಸ್ಟ್‌ಗಳನ್ನು ನೋಡುವುದಿಲ್ಲ. ಹಾಗಾಗಿ ಫಾಲೋವರ್ಸ್ ಸಂಖ್ಯೆ ಏರಿದ್ದರೂ ಪ್ರತಿ ಪೋಸ್ಟನ್ನು ನೋಡುವವರ ಸಂಖ್ಯೆ ಅಲ್ಲಿಯೇ ನಿಂತಿರುತ್ತದೆ, ಮತ್ತು ಅದಕ್ಕೆ ಕಾರಣವನ್ನು ಮಾಲಕರಿಗೆ ವಿವರಿಸುವ ಹೊಣೆ ನಿಮ್ಮ ಮೇಲೆಯೇ ಬರುತ್ತದೆ.

ಈಗ ಉಡುಪಿಯ ಮೇಡಂ ಅವರ ಪೇಜ್‌ನ ಲೆಕ್ಕವನ್ನೇ ಬಿಡಿಸಿ ನೋಡೋಣ. 800 ಭೇಟಿಗಳಿಗೆ 96 ಮಂದಿ ಸೇರಿದ್ದಾರೆಂದರೆ ನೂರು ಭೇಟಿಗೆ ಹನ್ನೆರಡು ಮಂದಿ. ರೀಲ್ ನೋಡುತ್ತಲೇ ಫಾಲೋ ಒತ್ತುವವರೂ ಇರುವುದರಿಂದ ಇದು ಅಂದಾಜು ಮಾತ್ರ, ಆದರೆ ಮಾತುಕತೆಗೆ ಇಷ್ಟು ಸಾಕು. ಹತ್ತು ಸಾವಿರ ಮುಟ್ಟಲು ಇನ್ನೂ 8,100 ಮಂದಿ ಬೇಕು, ಅಂದರೆ ತಿಂಗಳಿಗೆ 1,350. ಇದೇ ಪ್ರಮಾಣದಲ್ಲಿ ಅಷ್ಟು ಮಂದಿ ಸೇರಬೇಕಾದರೆ ತಿಂಗಳಿಗೆ 11,000ಕ್ಕೂ ಹೆಚ್ಚು ಪ್ರೊಫೈಲ್ ಭೇಟಿಗಳಾಗಬೇಕು, ಅದು ಈಗಿನ ಹದಿನಾಲ್ಕು ಪಟ್ಟು. ಬಿಟ್ಟು ಹೋಗುವವರನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾಲಕರ ಮುಂದಿಡಿ. ವ್ಯಾಪಾರ ಮಾಡುವವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ. ಇದು ಆಗುವುದಿಲ್ಲ ಎಂದು ನೀವು ಬಾಯಿಯಲ್ಲಿ ಹೇಳಿದರೆ ಅದು ನಿಮ್ಮ ಅಸಾಮರ್ಥ್ಯದಂತೆ ಕೇಳಿಸುತ್ತದೆ, ಆದರೆ ಹದಿನಾಲ್ಕು ಪಟ್ಟು ಜನ ಎಲ್ಲಿಂದ ಬರಬೇಕು ಎಂದು ಅವರೇ ಕೇಳಿದರೆ ಜಾಹೀರಾತಿನ ಖರ್ಚು, ಚಿತ್ರೀಕರಣಕ್ಕೆ ಅವರು ಕೊಡಬೇಕಾದ ಸಮಯ ಮುಂತಾದ ನಿಜವಾದ ಚರ್ಚೆ ಅಲ್ಲಿಂದ ಆರಂಭವಾಗುತ್ತದೆ.

ನಾನಾಗಿದ್ದರೆ ಕರಾರಿನಲ್ಲಿ ಒಂದೇ ಸಂಖ್ಯೆಯ ಬದಲು ಒಂದು ವ್ಯಾಪ್ತಿಯನ್ನು ಬರೆಯುತ್ತೇನೆ. ಕಳೆದ ತಿಂಗಳ ನಿವ್ವಳ ಏರಿಕೆ 60. ವಾರಕ್ಕೆ ಎರಡು ಒಳ್ಳೆಯ ರೀಲ್, ಹೊಸ ಸರಕು ಬಂದ ದಿನವೇ ಚಿತ್ರೀಕರಣಕ್ಕೆ ಅವಕಾಶ, ಬಂದ ಮೆಸೇಜ್‌ಗಳಿಗೆ ಅಂದೇ ಉತ್ತರ ಎಂಬ ಷರತ್ತುಗಳೊಂದಿಗೆ ತಿಂಗಳಿಗೆ 60ರಿಂದ 120 ಎಂದು ಬರೆಯಬಹುದು. ಆರು ತಿಂಗಳಿಗೆ ಅದು ಸುಮಾರು 2,250ರಿಂದ 2,600 ಆಗುತ್ತದೆ. ಷರತ್ತುಗಳಲ್ಲಿ ಎರಡು ಮಾಲಕರ ಕಡೆಯವಾಗಿರುವುದನ್ನು ಗಮನಿಸಿ. ಸರಕು ಬಂದು ಹತ್ತು ದಿನ ಕಳೆದ ಮೇಲೆ, ಒಳ್ಳೆಯ ಸೀರೆಗಳೆಲ್ಲ ಮಾರಾಟವಾಗಿ ಹೋದ ಮೇಲೆ ನಿಮ್ಮನ್ನು ಕರೆದರೆ ಯಾವ ರೀಲ್ ಕೂಡ ಕೆಲಸ ಮಾಡುವುದಿಲ್ಲ.

ಮಣಿಪಾಲದಿಂದ

ಕದ್ರಿಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಕರಾರಿನಲ್ಲಿ ವ್ಯಾಪ್ತಿಯನ್ನು ಬರೆಯುವುದನ್ನು ಒಪ್ಪಲಾರೆ. ಇನ್‌ಸ್ಟಾಗ್ರಾಂ ತನ್ನ ಕ್ರಮವನ್ನು ಬದಲಾಯಿಸಿದರೆ ನಾವು ಏನೂ ಮಾಡುವಂತಿಲ್ಲ. 2024ರಲ್ಲಿ ಅವರು ಎಲ್ಲ ಬಗೆಯ ಪೋಸ್ಟ್‌ಗಳಿಗೂ ವ್ಯೂಸ್ ಅನ್ನೇ ಮುಖ್ಯ ಅಳತೆ ಮಾಡಿದರು, ಅದರ ಹಿಂದಿನ ಮತ್ತು ನಂತರದ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸಲು ಬರುವುದಿಲ್ಲ. ನಾನು ಎಷ್ಟು ಪೋಸ್ಟ್, ಎಷ್ಟು ರೀಲ್, ವರದಿ ಯಾವ ದಿನ ಎಂಬುದನ್ನು ಮಾತ್ರ ಬರೆದುಕೊಡುತ್ತೇನೆ. ನಮ್ಮ ಕೈಯಲ್ಲಿರುವುದು ಅಷ್ಟೇ.

ಇನ್ನೊಂದು ವಿಷಯ. ನಾನು ನೋಡಿಕೊಳ್ಳುವ ಕೆಫೆಯ ಪೇಜ್‌ನಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ರಜೆ ಬಂದ ಕೂಡಲೇ ಎಲ್ಲ ಅಂಕಿಗಳೂ ಕುಸಿಯುತ್ತವೆ, ಆಗ ವರದಿಯನ್ನು ಹೇಗೆ ಬರೆಯುವುದೆಂಬುದೇ ಚಿಂತೆಯಾಗುತ್ತದೆ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಮಲ್ಪೆಯಿಂದ

ನಾನು ಈ ಕೆಲಸ ಮಾಡುವವನಲ್ಲ, ಮಾಡಿಸುವವನು. ಮೀನಿನ ಊಟದ ಹೋಟೆಲ್ ನಡೆಸುತ್ತೇನೆ. ಮಾಲಕರು ವರದಿಯನ್ನು ಏಕೆ ತೆರೆಯುವುದಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ. ನಮ್ಮ ಪೇಜ್ ನೋಡಿಕೊಳ್ಳುವ ಹುಡುಗ ಮೊದಲು ಬಣ್ಣಬಣ್ಣದ ಗ್ರಾಫ್‌ಗಳನ್ನು ಕಳುಹಿಸುತ್ತಿದ್ದ. ರೀಚ್ ಇಷ್ಟು ಹೆಚ್ಚಾಯಿತು ಎಂದಿರುತ್ತಿತ್ತು, ಆದರೆ ಊಟದ ಹೊತ್ತಿಗೆ ಮೇಜುಗಳು ಖಾಲಿಯಾಗಿಯೇ ಇರುತ್ತಿದ್ದವು. ಈಗ ಅವನು ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಪುಟವನ್ನು ಕನ್ನಡದಲ್ಲಿ ಕಳುಹಿಸುತ್ತಾನೆ. ಮೊದಲ ಸಾಲಿನಲ್ಲಿಯೇ ಪೇಜ್ ನೋಡಿ ಎಷ್ಟು ಮಂದಿ ಕರೆ ಮಾಡಿದರು, ಎಷ್ಟು ಮಂದಿ ದಾರಿ ಕೇಳಲು ಮ್ಯಾಪ್ ಒತ್ತಿದರು ಎಂದಿರುತ್ತದೆ. ಅದನ್ನು ನಾನು ನಿಂತಲ್ಲಿಯೇ ಓದುತ್ತೇನೆ.

ಮಣಿಪಾಲದವರ ಚಿಂತೆ ನಮಗೂ ಇದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಗೆ ಬೀಚ್‌ಗೆ ಬರುವವರೂ ಕಡಿಮೆ. ಆ ಎರಡು ತಿಂಗಳು ಅಂಕಿ ಇಳಿದರೆ ನಾನು ಆ ಹುಡುಗನನ್ನು ಪ್ರಶ್ನಿಸುವುದಿಲ್ಲ, ಏಕೆಂದರೆ ಅವನು ಮೇ ತಿಂಗಳಿನಲ್ಲಿಯೇ ಇದನ್ನು ಬರೆದು ತಿಳಿಸಿರುತ್ತಾನೆ.

ಕದ್ರಿಯಿಂದ ಮತ್ತೊಮ್ಮೆ

ಮಲ್ಪೆಯ ಸರ್ ಹೇಳಿದ್ದರಲ್ಲಿಯೇ ಮಣಿಪಾಲದವರಿಗೆ ಉತ್ತರವಿದೆ. ಹಿಂದಿನ ತಿಂಗಳಿನೊಂದಿಗೆ ಮಾತ್ರ ಹೋಲಿಸಬಾರದು, ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಬೇಕು. ಜವಳಿ ಅಂಗಡಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆಟಿ ತಿಂಗಳಿನಲ್ಲಿ ನಮ್ಮಲ್ಲಿ ಮದುವೆಗಳಿಲ್ಲ, ಸೀರೆ ಕೊಳ್ಳುವವರ ವಿಚಾರಣೆ ಇಳಿಯುವುದು ಸಹಜ. ಆದರೆ ಹಳೆಯ ಅಂಕಿಗಳನ್ನು ಆ್ಯಪ್ ವರ್ಷಗಟ್ಟಲೆ ನಿಮಗಾಗಿ ಇಟ್ಟುಕೊಂಡಿರುತ್ತದೆಂದು ನಂಬಬೇಡಿ. ಪ್ರತಿ ತಿಂಗಳ ಮೊದಲ ದಿನವೇ ಸ್ಕ್ರೀನ್‌ಶಾಟ್ ತೆಗೆದು ಒಂದು ಶೀಟ್‌ನಲ್ಲಿ ತುಂಬಿಸಿಡಿ.

ಶೀಟ್ ತುಂಬಿಸುವಾಗ ಹಲವರು ನಾಲ್ಕು ವಾರಗಳ ರೀಚ್ ಕೂಡಿಸಿ ತಿಂಗಳ ರೀಚ್ ಎಂದು ಬರೆಯುತ್ತಾರೆ. ರೀಚ್ ಎಂದರೆ ನೋಡಿದ ಖಾತೆಗಳ ಎಣಿಕೆ, ಒಬ್ಬರೇ ನಾಲ್ಕು ವಾರವೂ ನೋಡಿದ್ದರೆ ಹೀಗೆ ಕೂಡಿಸಿದಾಗ ನಾಲ್ಕು ಮಂದಿಯಾಗಿ ಬಿಡುತ್ತಾರೆ. ತಿಂಗಳಿನ ಅವಧಿಯನ್ನೇ ಆಯ್ದು ಅಲ್ಲಿ ತೋರುವ ಸಂಖ್ಯೆಯನ್ನು ಬರೆಯಿರಿ. ಹಾಗೆಯೇ ಹಣ ಕೊಟ್ಟು ಬೂಸ್ಟ್ ಮಾಡಿದ ಪೋಸ್ಟ್‌ನಿಂದ ಬಂದ ರೀಚನ್ನು ಬೇರೆ ಸಾಲಿನಲ್ಲಿ ತೋರಿಸಿ, ಇಲ್ಲದಿದ್ದರೆ ಬೂಸ್ಟ್ ಮಾಡದ ತಿಂಗಳು ನಿಮ್ಮ ಕೆಲಸವೇ ಕೆಟ್ಟಿತೆಂದು ಕಾಣುತ್ತದೆ.

ಇಳಿಕೆಯಂತೆ ಹಠಾತ್ ಏರಿಕೆಯನ್ನೂ ವಿವರಿಸಬೇಕಾಗುತ್ತದೆ. ಮಂಗಳೂರಿನ ಒಂದು ಬಟ್ಟೆ ಅಂಗಡಿಯ ಪೇಜ್‌ನಲ್ಲಿ ನಾವು ದಸರೆಯ ಸಮಯದಲ್ಲಿ ಅಂಗಡಿಯ ಮುಂದೆ ಕುಣಿದ ಹುಲಿವೇಷದ ರೀಲ್ ಹಾಕಿದೆವು. ಅದು ಬಹಳ ಓಡಿತು, ಕೆಲವೇ ದಿನಗಳಲ್ಲಿ ಏಳುನೂರರಷ್ಟು ಫಾಲೋವರ್ಸ್ ಬಂದರು. ಮಾಲಕರು ಪ್ರತಿ ತಿಂಗಳೂ ಹೀಗೆಯೇ ಆಗಲಿ ಎಂದರು. ಆದರೆ ಆ ತಿಂಗಳು ಬೆಲೆ ಕೇಳಿ ಬಂದ ಮೆಸೇಜ್‌ಗಳು ಹಿಂದಿನಷ್ಟೇ ಇದ್ದವು, ಬಂದವರು ಹುಲಿವೇಷ ನೋಡಲು ಬಂದವರು. ಅದೇ ತಿಂಗಳು ಕೌಂಟರ್‌ನಲ್ಲಿ ನಿಂತ ಹುಡುಗಿ ಮದುವೆ ಸೀರೆಯ ಸೆರಗನ್ನು ಬಿಡಿಸಿ, ಬೆಲೆಯನ್ನೂ ಹೇಳಿ ತೋರಿಸಿದ ಸಾಧಾರಣ ರೀಲ್‌ಗೆ ವ್ಯೂಸ್ ಬಹಳ ಕಡಿಮೆ ಇದ್ದರೂ, ಅದನ್ನು ಸೇವ್ ಮಾಡಿದವರು ಮತ್ತು ಅಮ್ಮನಿಗೋ ಅಕ್ಕನಿಗೋ ಕಳುಹಿಸಿದವರು ಹೆಚ್ಚಿದ್ದರು. ವಿಚಾರಣೆಗಳೂ ಅದರಿಂದಲೇ ಬಂದವು. ವರದಿಯಲ್ಲಿ ಈ ಎರಡು ರೀಲ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದರ ಕೆಳಗೆ ಎಷ್ಟು ಮೆಸೇಜ್ ಬಂತೆಂದು ಬರೆದೆವು. ಮಾಲಕರು ಮುಂದಿನ ತಿಂಗಳಿಗೆ ಯಾವುದನ್ನು ಕೇಳಬೇಕೆಂದು ತಾವೇ ನಿರ್ಧರಿಸಿದರು.

ಅಂಗಡಿಗೆ ಬಂದು ಕೊಂಡವರ ಲೆಕ್ಕ ಇನ್‌ಸೈಟ್ಸ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಡಿಸಿ, ಬಿಲ್ ಮಾಡುವವರು ಎಲ್ಲಿ ನೋಡಿ ಬಂದಿರೆಂದು ಕೇಳಿ ಗೆರೆ ಎಳೆದರೆ ಸಾಕು. ಗಡಿಬಿಡಿಯ ದಿನಗಳಲ್ಲಿ ಅವರು ಕೇಳುವುದನ್ನು ಮರೆಯುತ್ತಾರೆ, ಆದ್ದರಿಂದ ಆ ಲೆಕ್ಕ ಯಾವಾಗಲೂ ನಿಜಕ್ಕಿಂತ ಕಡಿಮೆಯೇ ಇರುತ್ತದೆ ಎಂಬುದನ್ನು ವರದಿಯಲ್ಲಿ ತಿಳಿಸಿರಿ.

ಉಡುಪಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹದಿನಾಲ್ಕು ಪಟ್ಟಿನ ಲೆಕ್ಕವನ್ನು ಮಾಲಕರಿಗೆ ತೋರಿಸುತ್ತೇನೆ. ವ್ಯಾಪ್ತಿಯನ್ನು ಕರಾರಿನಲ್ಲಿ ಬರೆಯಬೇಕೋ, ಮಣಿಪಾಲದವರು ಹೇಳಿದಂತೆ ಕೆಲಸವನ್ನು ಮಾತ್ರ ಬರೆಯಬೇಕೋ ಎಂದು ಇನ್ನೂ ನಿರ್ಧರಿಸಿಲ್ಲ. ಒಂದು ಸಂದೇಹ ಉಳಿದಿದೆ. ನಮ್ಮ ಫಾಲೋವರ್ಸ್‌ನಲ್ಲಿ ದುಬೈ ಮತ್ತು ಮುಂಬೈಯಲ್ಲಿರುವವರು ಬಹಳ ಮಂದಿ ಇದ್ದಾರೆ. ಇವರನ್ನು ಗಿರಾಕಿಗಳೆಂದು ವರದಿಯಲ್ಲಿ ಎಣಿಸಬಹುದೇ?

ಕುಂದಾಪುರದಿಂದ

ದೂರದವರನ್ನು ಎಣಿಸಬೇಡಿ ಅಕ್ಕ. ಅಂಗಡಿಗೆ ಬರಲಾಗದವರಿಂದ ಏನು ಪ್ರಯೋಜನ? ಬೂಸ್ಟ್ ಮಾಡುವಾಗಲೂ ಉಡುಪಿ ಜಿಲ್ಲೆಯನ್ನು ಮಾತ್ರ ಆಯ್ದುಕೊಳ್ಳಿ.

ಕದ್ರಿಯಿಂದ

ಬೂಸ್ಟ್ ಬಗ್ಗೆ ಹೇಳಿದ್ದು ಸರಿ, ಹಣ ಖರ್ಚಾಗುವಲ್ಲಿ ಊರಿನ ಮಿತಿ ಇರಲಿ. ಆದರೆ ಪರವೂರಿನಲ್ಲಿರುವ ನಮ್ಮವರನ್ನು ಪೂರ್ತಿಯಾಗಿ ಬಿಡುವುದು ಸರಿಯಲ್ಲ, ಊರಿನ ಮದುವೆಗೆ ಸೀರೆ ಆರಿಸಿ ಅಲ್ಲಿಂದಲೇ ಹಣ ಕಳುಹಿಸುವವರು ಅವರಲ್ಲಿದ್ದಾರೆ. ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಇರುವ ಮುಖ್ಯ ನಗರಗಳು ಶೇಕಡಾವಾರು ಕಾಣಿಸುತ್ತವೆ. ಉಡುಪಿ, ಮಣಿಪಾಲ, ಮಂಗಳೂರುಗಳನ್ನು ಒಂದು ಸಾಲಿನಲ್ಲಿಯೂ ಹೊರಗಿನ ನಗರಗಳನ್ನು ಇನ್ನೊಂದು ಸಾಲಿನಲ್ಲಿಯೂ ತೋರಿಸಿ. ಹೊರಗಿನವರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬೆಲೆ ಕೇಳಿದವರೆಷ್ಟು ಎಂಬುದನ್ನು ಮೂರು ತಿಂಗಳು ಬರೆದಿಡಿ. ಕೊರಿಯರ್‌ನಲ್ಲಿ ಕಳುಹಿಸಲು ಮಾಲಕರು ಸಿದ್ಧರಿದ್ದಾರೆಯೇ ಎಂಬುದನ್ನು ಅದಕ್ಕೂ ಮೊದಲು ಕೇಳಿಕೊಳ್ಳಿ, ಅವರು ಒಪ್ಪದಿದ್ದರೆ ಆ ಎರಡನೆಯ ಸಾಲನ್ನು ವರದಿಯ ಕೊನೆಗೆ ಹಾಕಿದರೆ ಸಾಕು.